ಕೆಲಸ ಅರ್ಧಕ್ಕೆ ನಿಂತಾಗ ಬರೆಯುವ ನಾಲ್ಕು ಸಾಲು

ಮನೆಯಿಂದಲೋ ಬೇರೆ ಊರಿನಿಂದಲೋ ಕೆಲಸ ಮಾಡುವವರನ್ನು ಆರಿಸುವ ಸಂದರ್ಶನಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಮೇಲೆ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೂ ಸ್ವತಂತ್ರವಾಗಿ ಕೆಲಸ ಮಾಡ್ತೀರಾ?" ಈ ಪ್ರಶ್ನೆಗೆ ಆಗುವುದಿಲ್ಲ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರೂ ಹೌದು ಎನ್ನುತ್ತಾರೆ, ಬಹುಪಾಲು ಜನ ಅದನ್ನು ಮನಸಾರೆ ನಂಬಿಯೇ ಹೇಳುತ್ತಾರೆ. ಹಾಗಾಗಿ ಆ ಉತ್ತರದಿಂದ ಕೆಲಸ ಕೊಡುವವರಿಗೆ ತಿಳಿಯುವುದು ಏನೂ ಇಲ್ಲ. ಅದರ ಹಿಂದೆಯೇ ಬರುವ ಇನ್ನೊಂದು ಮಾತು, "ನಿಮ್ಮ ಕಮ್ಯುನಿಕೇಶನ್ ಹೇಗಿದೆ?" ಎಂಬುದು. ಅದನ್ನು ಅಳೆಯುವುದು ಅಭ್ಯರ್ಥಿ ವಿಡಿಯೊ ಕರೆಯಲ್ಲಿ ಎಷ್ಟು ಸರಾಗವಾಗಿ ಇಂಗ್ಲಿಷ್ ಮಾತನಾಡಿದರು ಎಂಬುದರ ಮೇಲೆ. ಕೆಲಸಕ್ಕೆ ಸೇರಿದ ಮೇಲೆ ಅವರು ದಿನದ ಹೆಚ್ಚು ಹೊತ್ತು ಮಾಡಬೇಕಾದದ್ದು ಬರೆಯುವ ಕೆಲಸ. ಸಂದರ್ಶನದಲ್ಲಿ ಮಾತ್ರ ಅವರು ಒಂದು ಸಾಲೂ ಬರೆದಿರುವುದಿಲ್ಲ.

ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಇಂಥ ಹುದ್ದೆಗಳಿಗೆ ಜನರನ್ನು ಆರಿಸಿಕೊಡುವ ಕೆಲಸದಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಸ್ವತಂತ್ರವಾಗಿ ಕೆಲಸ ಮಾಡುವ ಗುಣ ಮತ್ತು ಬರೆದು ತಿಳಿಸುವ ಗುಣ ಇವೆರಡನ್ನೂ ಬೇರೆಬೇರೆ ಪರೀಕ್ಷೆಗಳಲ್ಲಿ ಹುಡುಕಬೇಕಿಲ್ಲ ಎಂಬುದು ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿರುವ ತಿಳಿವಳಿಕೆ. ಎರಡೂ ಒಂದೇ ಜಾಗದಲ್ಲಿ ಕಾಣಿಸುತ್ತವೆ. ಕೆಲಸ ಮುಂದೆ ಸಾಗದೆ ನಿಂತಾಗ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಾಗ, ಒಬ್ಬ ವ್ಯಕ್ತಿ ಬರೆಯುವ ನಾಲ್ಕು ಸಾಲುಗಳಲ್ಲಿ.

ದೂರದ ಕೆಲಸ ಕೆಡುವ ಬಗೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸೋಮವಾರ ಒಬ್ಬರಿಗೆ ಕೆಲಸ ಕೊಡುತ್ತೀರಿ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅವರಿಗೆ ಬೇಕಾದ ಒಂದು ಮಾಹಿತಿ ಸಿಗುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ಆಫೀಸಿನಲ್ಲಾಗಿದ್ದರೆ ಮುಖ ನೋಡಿಯೇ ಪಕ್ಕದವರು "ಏನಾಯ್ತು?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಕೂತವರ ಮುಖ ಯಾರಿಗೂ ಕಾಣುವುದಿಲ್ಲ. ತಾನೇ ಬಿಡಿಸಿಕೊಂಡರಾಯಿತು ಎಂದು ಅವರು ಸಂಜೆಯವರೆಗೆ ಹೆಣಗುತ್ತಾರೆ. ಬುಧವಾರ ಕೇಳಲು ಸಂಕೋಚ. ಗುರುವಾರ ಬೆಳಗಿನ ಮೀಟಿಂಗ್‌ನಲ್ಲಿ ವಿಷಯ ಹೊರಬರುತ್ತದೆ. ಇಲ್ಲಿ ಯಾರೂ ಸೋಮಾರಿತನ ಮಾಡಿಲ್ಲ. ಹಾಗಿದ್ದೂ ಎರಡು ದಿನ ಹೋಗಿರುತ್ತದೆ. ಕೇಳಬೇಕಾದವರು ಕ್ಯಾಲಿಫೋರ್ನಿಯಾದಲ್ಲಿದ್ದರೆ ನಷ್ಟ ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಅರೆಬರೆಯಾಗಿ ಬರೆದ ಒಂದು ಪ್ರಶ್ನೆಗೆ "ಯಾವುದರ ಬಗ್ಗೆ ಕೇಳ್ತಿದ್ದೀರಿ?" ಎಂಬ ಮರುಪ್ರಶ್ನೆ ಬಂದು, ಅದಕ್ಕೆ ಉತ್ತರ ಹೋಗಿ, ಮತ್ತೆ ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಎರಡು ರಾತ್ರಿ ಕಳೆದಿರುತ್ತವೆ.

ಸ್ವಾತಂತ್ರ್ಯವೆಂದರೆ ಯಾರನ್ನೂ ಏನೂ ಕೇಳದಿರುವುದು ಎಂದು ಬಹಳ ಮಾಲೀಕರು ತಿಳಿದಿದ್ದಾರೆ. ನನ್ನ ಪ್ರಕಾರ ಆ ತಿಳಿವಳಿಕೆಯಿಂದಲೇ ತಪ್ಪು ಆಯ್ಕೆಗಳಾಗುತ್ತವೆ. ಹೆಜ್ಜೆಹೆಜ್ಜೆಗೂ ಕೇಳುವವರು ಒಂದು ರೀತಿಯಲ್ಲಿ ಕಷ್ಟ ಕೊಡುತ್ತಾರೆ ನಿಜ, ಆದರೆ ಅವರ ಕಷ್ಟ ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತದೆ, ತಿದ್ದಲೂ ಬರುತ್ತದೆ. ಕೇಳದೆ ತಮಗೆ ತೋಚಿದ ಹಾಗೆ ಮಾಡಿ ಮುಗಿಸುವವರು ಕೊಡುವ ಕಷ್ಟ ತಿಂಗಳುಗಟ್ಟಲೆ ಕಾಣುವುದಿಲ್ಲ, ಕಂಡಾಗ ಗ್ರಾಹಕರ ಕಡೆಯಿಂದಲೇ ಕಾಣುತ್ತದೆ. ಯಾವುದನ್ನು ತಾನೇ ತೀರ್ಮಾನಿಸಬಹುದು, ಯಾವುದನ್ನು ಕೇಳಿಯೇ ಮಾಡಬೇಕು ಎಂದು ವಿಂಗಡಿಸಬಲ್ಲವರು, ಉತ್ತರ ಬರುವ ತನಕ ಕೈಕಟ್ಟಿ ಕೂರದವರು ನಮಗೆ ಬೇಕು. ಈ ವಿಂಗಡಣೆಯನ್ನು ಮಾತಿನಲ್ಲಿ ಕೇಳಿ ತಿಳಿಯಲಾಗದು. ಮಾಡಿಸಿ ನೋಡಬೇಕು.

ಮಾಡಿಸಿ ನೋಡುವ ಪದ್ಧತಿಯನ್ನು ಬಹಳ ಹಿಂದೆಯೇ ಗಟ್ಟಿಯಾಗಿ ಹಿಡಿದ ಕಂಪನಿ ಆಟೊಮ್ಯಾಟಿಕ್. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಈ ಕಂಪನಿ 2005ರಲ್ಲಿ ಹುಟ್ಟಿದ್ದು, ಮೊದಲಿನಿಂದಲೂ ಅದರ ಜನ ಹಲವು ದೇಶಗಳಲ್ಲಿ ಚದುರಿಕೊಂಡೇ ಕೆಲಸ ಮಾಡುತ್ತಾರೆ. ಅದರ ಸ್ಥಾಪಕ ಮ್ಯಾಟ್ ಮುಲೆನ್‌ವೆಗ್ 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಗೆ ಬರೆದ ಲೇಖನದಲ್ಲಿ ತಮ್ಮ ಆಯ್ಕೆಯ ಕ್ರಮವನ್ನು ವಿವರಿಸಿದ್ದರು. ಅಭ್ಯರ್ಥಿಗಳಿಗೆ ಕಂಪನಿಯ ನಿಜವಾದ ಕೆಲಸವನ್ನೇ ಕೆಲವು ವಾರ ಮಾಡಲು ಕೊಡುತ್ತಿದ್ದರು. ಈಗಿರುವ ನೌಕರಿ ಬಿಡಬೇಕಾಗಿರಲಿಲ್ಲ, ರಾತ್ರಿ ಅಥವಾ ವಾರಾಂತ್ಯದಲ್ಲಿ ಮಾಡಬಹುದಿತ್ತು. ಯಾವ ಹುದ್ದೆಯಾದರೂ ಗಂಟೆಗೆ 25 ಡಾಲರ್ ಸಂಭಾವನೆ. ಕೊನೆಯ ಸಂದರ್ಶನ ಖುದ್ದು ಅವರದೇ, ಅದೂ ಚಾಟ್‌ನಲ್ಲಿ ಟೈಪ್ ಮಾಡುತ್ತ. ದನಿ ಕೇಳದೆ, ಮುಖ ನೋಡದೆ, ಪರದೆಯ ಮೇಲಿನ ಅಕ್ಷರಗಳನ್ನು ಮಾತ್ರ ಓದಿ ಅವರು ತೀರ್ಮಾನಿಸುತ್ತಿದ್ದರು. ಮುಂದೆ ಇಬ್ಬರ ನಡುವೆ ನಡೆಯುವ ವ್ಯವಹಾರವೆಲ್ಲ ಬರಹದಲ್ಲೇ ಆಗುವುದರಿಂದ ಸಂದರ್ಶನವೂ ಹಾಗೇ ಇರಲಿ ಎಂಬುದು ಇದರ ಹಿಂದಿನ ಸರಳ ವಿಚಾರ.

ಐದು ಜನರ ಕಂಪನಿಗೆ ಹಲವು ವಾರಗಳ ಪರೀಕ್ಷೆ ನಡೆಸುವ ಶಕ್ತಿ ಇರುವುದಿಲ್ಲ. ಅಭ್ಯರ್ಥಿಗೂ ಅಷ್ಟು ಬಿಡುವು ಸಿಗುವುದಿಲ್ಲ. ಆದರೆ ಅದೇ ವಿಚಾರವನ್ನು ಮೂರು ಗಂಟೆಯ ಒಂದು ಕೆಲಸಕ್ಕೆ ಇಳಿಸಬಹುದು. ಹೇಗೆಂದು ತೋರಿಸಲು ಒಂದು ಉದಾಹರಣೆಯನ್ನು ಕಟ್ಟಿ ಮುಂದಿಡುತ್ತೇನೆ. ಕಂಪನಿ ಕಾಲ್ಪನಿಕ, ಆದರೆ ಇಂಥ ಉತ್ತರಗಳು ದಿನವೂ ಬರುವಂಥವೇ.

ಮೈಸೂರಿನ ಒಂದು ಪುಟ್ಟ ಕಂಪನಿ ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುತ್ತದೆ ಎಂದುಕೊಳ್ಳಿ. ಗ್ರಾಹಕರ ದೂರುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಅವರು ಶಿರಸಿಯಲ್ಲಿರಲಿ, ಸಿಂಧನೂರಿನಲ್ಲಿರಲಿ, ಮನೆಯಿಂದಲೇ ಕೆಲಸ. ಅಂಗಡಿಯವರಿಗೆ ಕನ್ನಡದಲ್ಲಿ ಉತ್ತರಿಸಬೇಕು. ಸಾಫ್ಟ್‌ವೇರ್ ಬರೆಯುವ ಡೆವಲಪರ್ ಪುಣೆಯಲ್ಲಿದ್ದಾರೆ, ಕನ್ನಡ ಬಾರದು. ಅವರಿಗೆ ಇಂಗ್ಲಿಷ್‌ನಲ್ಲಿ ತಿಳಿಸಬೇಕು.

ಮೊದಲ ಸುತ್ತು ದಾಟಿದ ಅಭ್ಯರ್ಥಿಗಳಿಗೆ ಕಂಪನಿ ಒಂದು ಕಡತ ಕಳಿಸುತ್ತದೆ. ಅದರಲ್ಲಿ ದಾವಣಗೆರೆಯ ಅಂಗಡಿಯೊಬ್ಬರು 13ನೇ ತಾರೀಖು ಕಳಿಸಿದ ಸಂದೇಶವಿದೆ: "ಸರ್, ನಿನ್ನೆ ಅಪ್‌ಡೇಟ್ ಆದಾಗಿನಿಂದ ಸ್ಟಾಕ್ ಎಲ್ಲಾ ತಪ್ಪು ತೋರಿಸ್ತಿದೆ. 10 ಮಾತ್ರೆ ಕೊಟ್ಟರೆ 10 ಸ್ಟ್ರಿಪ್ ಹೋಗ್ತಿದೆ. ನಾಳೆ ಹೋಲ್‌ಸೇಲ್‌ನವರಿಗೆ ಆರ್ಡರ್ ಕೊಡಬೇಕು. ಬೇಗ ಸರಿ ಮಾಡಿ." ಜತೆಗೆ ಆ ಅಂಗಡಿಯ 40 ಔಷಧಿಗಳ ಪಟ್ಟಿ ಮತ್ತು ಒಂದು ವಾರದ ಮಾರಾಟದ ದಾಖಲೆ. ಕೇಳಿದ್ದು ಎರಡು ಬರಹ: ಅಂಗಡಿಯವರಿಗೆ ಒಂದು ಉತ್ತರ, ಡೆವಲಪರ್‌ಗೆ ಒಂದು ಟಿಪ್ಪಣಿ. ಸಮಯ ಮೂರು ಗಂಟೆ, ಅದಕ್ಕೆ ಸಾವಿರ ರೂಪಾಯಿ. ಕಡತದ ಕೊನೆಯಲ್ಲಿ ಹೀಗೆ ಬರೆದಿದೆ: "ಪ್ರಶ್ನೆಗಳಿದ್ದರೆ ಬರೆದು ಕೇಳಿ. ನಮ್ಮ ಉತ್ತರ ಬರಲು ಎರಡು ಗಂಟೆ ಹಿಡಿಯಬಹುದು."

ಈ ಕಡತದಲ್ಲಿ ಬೇಕೆಂದೇ ಬಿಟ್ಟ ಸಂಗತಿಗಳು ಎರಡು. ಮೊದಲನೆಯದು ದಾಖಲೆಯೊಳಗೇ ಅಡಗಿದೆ. ಲೆಕ್ಕ ತಪ್ಪಿರುವುದು 40ರಲ್ಲಿ 6 ಔಷಧಿಗಳಿಗೆ ಮಾತ್ರ, ಮತ್ತು ಆ ಆರಕ್ಕೂ "ಒಂದು ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ" ಎಂಬ ಕಾಲಂ ಖಾಲಿ ಇದೆ. ಖಾಲಿ ಇದ್ದಾಗ ಸಾಫ್ಟ್‌ವೇರ್ ಒಂದು ಮಾತ್ರೆಯನ್ನೇ ಒಂದು ಸ್ಟ್ರಿಪ್ ಎಂದು ಹಿಡಿಯುತ್ತದೆ. ಅಷ್ಟೇ ಅಲ್ಲ, ಮೊದಲ ತಪ್ಪು ಕಾಣುವುದು 9ನೇ ತಾರೀಖು, ಅಪ್‌ಡೇಟ್ ಆಗಿದ್ದು 12ಕ್ಕೆ. ಅಂಗಡಿಯವರು ಅಪ್‌ಡೇಟ್ ಮೇಲೆ ಹಾಕಿದ ದೂರು ದಾಖಲೆಗೆ ಹೊಂದುವುದಿಲ್ಲ. ಎರಡನೆಯದು ಕಡತದಲ್ಲಿ ಎಲ್ಲೂ ಇಲ್ಲದ ವಿಷಯ: ಗ್ರಾಹಕರ ಸ್ಟಾಕ್ ಅಂಕಿಗಳನ್ನು ಕಂಪನಿಯವರು ತಾವೇ ತಿದ್ದಬಹುದೇ? ಮೊದಲನೆಯದನ್ನು ಅಭ್ಯರ್ಥಿ ತಾವೇ ಹುಡುಕಿಕೊಳ್ಳಬೇಕು. ಎರಡನೆಯದನ್ನು ಕೇಳಲೇಬೇಕು. ಇಡೀ ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಒಬ್ಬ ಅಭ್ಯರ್ಥಿ ಇಪ್ಪತ್ತು ನಿಮಿಷಕ್ಕೆ ಬರೆಯುತ್ತಾರೆ: "ಸರ್, ಸ್ಟಾಕ್ ತಿದ್ದಬಹುದಾ? ಮತ್ತೆ ಅಪ್‌ಡೇಟ್‌ನಲ್ಲಿ ಏನೇನು ಬದಲಾಗಿದೆ ಹೇಳಿ." ಆಮೇಲೆ ಎರಡು ಗಂಟೆ ಸದ್ದಿಲ್ಲ. ಉತ್ತರ ಬಂದ ಮೇಲೆಯೇ ಅವರು ದಾಖಲೆ ತೆರೆಯುವುದು. ಮೊದಲ ಪ್ರಶ್ನೆ ಸರಿಯಾದದ್ದೇ. ಆದರೆ ಎರಡನೆಯದು ಅವರ ಕೈಯಲ್ಲಿರುವ ಹಾಳೆಯನ್ನೇ ನೋಡಿದ್ದರೆ ಕೇಳಬೇಕಾಗಿರಲಿಲ್ಲ, ಮತ್ತು ಕಾಯುವ ಎರಡು ಗಂಟೆಯಲ್ಲಿ ಮಾಡಬಹುದಾಗಿದ್ದ ಕೆಲಸ ಬೇಕಾದಷ್ಟಿತ್ತು.

ಇನ್ನೊಬ್ಬರು ಏನೂ ಕೇಳುವುದಿಲ್ಲ. ಒಂದೂವರೆ ಗಂಟೆಯಲ್ಲಿ ಬಹಳ ಚೆಂದದ ಉತ್ತರ ಬರುತ್ತದೆ. ಅಂಗಡಿಯವರಿಗೆ ಆದ ತೊಂದರೆಗೆ ವಿಷಾದ, ಗ್ರಾಹಕರೇ ನಮಗೆ ಮುಖ್ಯ ಎಂಬ ಮಾತು, ಅಪ್‌ಡೇಟ್‌ನಲ್ಲಿದ್ದ ದೋಷವನ್ನು ಪತ್ತೆ ಮಾಡಿ ಸ್ಟಾಕ್ ಸರಿಪಡಿಸಿದ್ದೇವೆ ಎಂಬ ಭರವಸೆ. ಒಂದು ಕಾಗುಣಿತವೂ ತಪ್ಪಿಲ್ಲ. ಮಾಲೀಕರು ಮನಸೋಲುವುದು ಈ ಉತ್ತರಕ್ಕೇ. ಒಳಗೆ ನೋಡಿದರೆ ದೋಷ ಅಪ್‌ಡೇಟ್‌ನದಲ್ಲ, ಸ್ಟಾಕ್ ಸರಿಯಾಗಿಲ್ಲ, ಅದನ್ನು ತಿದ್ದುವ ಅಧಿಕಾರ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಈ ಉತ್ತರವನ್ನು ನಂಬಿ ಅಂಗಡಿಯವರು ಮರುದಿನ ಆರ್ಡರ್ ಕೊಟ್ಟರೆ, ಕಪಾಟಿನಲ್ಲಿ ತುಂಬಿರುವ ಔಷಧಿಯನ್ನೇ ಮತ್ತೆ ತರಿಸಿಕೊಳ್ಳುತ್ತಾರೆ.

ಮೂರನೆಯವರ ಸಂದೇಶ ಐವತ್ತು ನಿಮಿಷಕ್ಕೆ ಬರುತ್ತದೆ. "40ರಲ್ಲಿ 6 ಔಷಧಿಗೆ ಮಾತ್ರ ಲೆಕ್ಕ ತಪ್ಪಿದೆ, ಪಟ್ಟಿ ಕೆಳಗಿದೆ. ಆರಕ್ಕೂ ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ ಅನ್ನೋ ಕಾಲಂ ಖಾಲಿ. ಮೊದಲ ತಪ್ಪು 9ನೇ ತಾರೀಖಿಗೆ ಇದೆ, ಅಪ್‌ಡೇಟ್ ಆಗಿದ್ದು 12ಕ್ಕೆ. ಹಾಗಾಗಿ ಅಪ್‌ಡೇಟ್ ಕಾರಣ ಅಲ್ಲ ಅಂತ ನನ್ನ ಊಹೆ, ಖಚಿತ ಇಲ್ಲ. ಗ್ರಾಹಕರ ಸ್ಟಾಕ್ ನಾವು ತಿದ್ದಬಹುದಾ, ಅವರೇ ತಿದ್ದಬೇಕಾ? ನಿಮ್ಮ ಉತ್ತರ ಬರುವ ತನಕ ನಾನು ಏನೂ ತಿದ್ದಲ್ಲ. ನಾಳೆ ಅವರ ಆರ್ಡರ್ ಇರೋದರಿಂದ, ಈ ಆರು ಔಷಧಿಗಳನ್ನು ಕಪಾಟಿನಲ್ಲಿ ಕೈಯಲ್ಲೇ ಎಣಿಸಿ ಆರ್ಡರ್ ಮಾಡಿ ಅಂತ ಉತ್ತರದ ಕರಡು ಬರೀತಾ ಇದ್ದೀನಿ."

ಇದರಲ್ಲಿ ಅಲಂಕಾರವಿಲ್ಲ. ಆದರೆ ಓದಿದವರು "ಯಾವ ಔಷಧಿ? ಯಾವತ್ತಿನಿಂದ? ಈಗ ಏನು ಮಾಡ್ತಿದ್ದೀರಿ?" ಎಂದು ತಿರುಗಿ ಕೇಳಬೇಕಾಗಿಲ್ಲ. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಮಾಡಿ ಹೇಳಿದ್ದಾರೆ. ಬೇರೆಯವರ ಅಂಕಿಯನ್ನು ಮುಟ್ಟುವ ಮೊದಲು ನಿಂತಿದ್ದಾರೆ, ನಿಂತರೂ ಕೆಲಸ ನಿಲ್ಲಿಸಿಲ್ಲ. ಗ್ರಾಹಕರು ಕೇಳಿದ್ದು ಸ್ಟಾಕ್ ಸರಿ ಮಾಡಿ ಎಂದು. ಅವರಿಗೆ ನಿಜಕ್ಕೂ ತುರ್ತಾಗಿ ಬೇಕಿದ್ದದ್ದು ನಾಳೆಯ ಆರ್ಡರ್ ತಪ್ಪದಿರುವುದು ಎಂಬುದನ್ನು ಹಿಡಿದಿದ್ದಾರೆ. ಆ ಒಂದು ಸಂದೇಶ ಬಂದ ಮೇಲೆ ಉಳಿದ ಎರಡು ಗಂಟೆಯಲ್ಲಿ ಅವರು ಕಳಿಸುವ ಉತ್ತರ ತುಸು ಹೆಚ್ಚುಕಡಿಮೆಯಾದರೂ ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಇಂಥ ಉತ್ತರಗಳಿಗೆ ಅಂಕ ಕೊಡುವಾಗ ಎಚ್ಚರ ಬೇಕು. ಇಬ್ಬರು ಓದಬೇಕು, ಒಬ್ಬರು ಕೊಟ್ಟ ಅಂಕ ಇನ್ನೊಬ್ಬರಿಗೆ ಮೊದಲೇ ತಿಳಿಯಬಾರದು. ಅಭ್ಯರ್ಥಿಯ ಹೆಸರು, ಊರು, ಕಾಲೇಜು ತೆಗೆದು ಕ್ರಮಸಂಖ್ಯೆ ಹಾಕಬೇಕು. ನೋಡಬೇಕಾದದ್ದನ್ನು ಕಡತ ಕಳಿಸುವ ಮೊದಲೇ ಬರೆದಿಟ್ಟುಕೊಂಡಿರಬೇಕು. ನಾನು ಮೂರನ್ನೇ ಇಟ್ಟುಕೊಳ್ಳುತ್ತೇನೆ. ಓದಿದ ಮೇಲೆ ತಿರುಗಿ ಕೇಳಬೇಕಾದ ಪ್ರಶ್ನೆಗಳು ಎಷ್ಟು ಉಳಿದವು, ಕಂಡದ್ದನ್ನೂ ಊಹೆಯನ್ನೂ ಬೇರೆ ಮಾಡಿದ್ದಾರೆಯೇ, ಕೇಳಬೇಕಾದ್ದನ್ನು ಕೇಳಿ ಕೇಳಬೇಕಿಲ್ಲದ್ದನ್ನು ತಾವೇ ಹುಡುಕಿದ್ದಾರೆಯೇ. ಮೊದಲನೆಯದಕ್ಕೆ ಅಂಕವೂ ಬೇಡ, ಓದುತ್ತ ಓದುತ್ತ ಮನಸ್ಸಿಗೆ ಬಂದ ಮರುಪ್ರಶ್ನೆಗಳನ್ನು ಪಕ್ಕದಲ್ಲಿ ಗೀಚಿಕೊಂಡು ಕೊನೆಗೆ ಎಣಿಸಿದರೆ ಸಾಕು. ಎರಡನೇ ಅಭ್ಯರ್ಥಿಯ ಚೆಂದದ ಉತ್ತರದ ಪಕ್ಕ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇಬ್ಬರು ಓದುಗರ ಎಣಿಕೆಯಲ್ಲಿ ಬಹಳ ಅಂತರ ಬಂದರೆ ಒಬ್ಬರು ಬರಹದ ಮೆರುಗಿಗೆ ಅಂಕ ಕೊಟ್ಟಿದ್ದಾರೆ ಎಂದೇ ಸಾಮಾನ್ಯವಾಗಿ ಅರ್ಥ.

ಈಗ ಇಂಗ್ಲಿಷ್‌ನ ಮಾತು. ನಮ್ಮಲ್ಲಿ ಅತಿ ಹೆಚ್ಚು ಅನ್ಯಾಯ ಆಗುತ್ತಿರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಅಮೆರಿಕದ 37ಸಿಗ್ನಲ್ಸ್ ಕಂಪನಿಯ ಜೇಸನ್ ಫ್ರೈಡ್ ಮತ್ತು ಡೇವಿಡ್ ಹೈನೆಮಿಯರ್ ಹ್ಯಾನ್ಸನ್ 2010ರಲ್ಲಿ ತಂದ 'ರಿವರ್ಕ್' ಪುಸ್ತಕದಲ್ಲಿ, ಯಾವ ಹುದ್ದೆಗಾದರೂ ಕೆಲವರ ನಡುವೆ ಆರಿಸಲು ಕಷ್ಟವಾದರೆ ಚೆನ್ನಾಗಿ ಬರೆಯುವವರನ್ನು ತೆಗೆದುಕೊಳ್ಳಿ ಎಂಬ ಸಲಹೆ ಇದೆ. ಸ್ಪಷ್ಟ ಬರಹದ ಹಿಂದೆ ಸ್ಪಷ್ಟ ಯೋಚನೆ ಇರುತ್ತದೆ ಎಂಬುದು ಅವರ ವಾದ. ವಾದ ಸರಿಯೇ. ಆದರೆ ಅದು ಬಹುತೇಕರು ಮಾತೃಭಾಷೆಯಲ್ಲೇ ಬರೆಯುವ ದೇಶದಿಂದ ಬಂದ ಸಲಹೆ. ಅದನ್ನು ಬೆಂಗಳೂರಿಗೆ ತಂದು ಇಂಗ್ಲಿಷ್ ಬರಹಕ್ಕೆ ಹಚ್ಚಿದರೆ, ಅಭ್ಯರ್ಥಿಯ ಯೋಚನೆಯ ಬದಲು ಅವರು ಓದಿದ ಶಾಲೆಯನ್ನು ಅಳೆದ ಹಾಗಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮಾಡಿದ ಹುಡುಗಿಯೊಬ್ಬಳು ಪುಣೆಯ ಡೆವಲಪರ್‌ಗೆ ಬರೆದ ಟಿಪ್ಪಣಿಯಲ್ಲಿ ಕ್ರಿಯಾಪದದ ಕಾಲ ತಪ್ಪಿರಬಹುದು, ವಾಕ್ಯಗಳು ಗಿಡ್ಡಗಿರಬಹುದು. ಆರು ಔಷಧಿಗಳ ಹೆಸರು, ಖಾಲಿ ಕಾಲಂ, 9ನೇ ತಾರೀಖು, ತಪ್ಪನ್ನು ತಾನು ಮತ್ತೆ ಮಾಡಿ ನೋಡಿದ ಕ್ರಮ ಇಷ್ಟಿದ್ದರೆ ಆ ಡೆವಲಪರ್ ಕೂಡಲೇ ಕೆಲಸಕ್ಕೆ ಕೂರಬಹುದು. ವ್ಯಾಕರಣವನ್ನು ತಿದ್ದಲು ಸಾಧನಗಳಿವೆ, ಸಹೋದ್ಯೋಗಿಗಳಿದ್ದಾರೆ. ಬಿಟ್ಟುಹೋದ ತಾರೀಖನ್ನು ಯಾವ ಸಾಧನವೂ ತಂದು ಸೇರಿಸುವುದಿಲ್ಲ.

ಅದಕ್ಕಾಗಿ ನಾನು ಮಾಲೀಕರಿಗೆ ಹೇಳುವುದು, ಹುದ್ದೆ ನಿಜವಾಗಿ ಬೇಡುವ ಭಾಷೆಗಳಲ್ಲೇ ಬರೆಸಿ, ಯಾವುದರಲ್ಲಿ ಎಷ್ಟು ಬೇಕು ಎಂದು ಮೊದಲೇ ತೀರ್ಮಾನಿಸಿ. ಮೇಲಿನ ಉದಾಹರಣೆಯಲ್ಲಿ ಅಂಗಡಿಯವರಿಗೆ ಹೋಗುವ ಕನ್ನಡ ಸೌಜನ್ಯದಿಂದಲೂ ಪೂರ್ಣವಾಗಿಯೂ ಇರಬೇಕು. ಅದರಲ್ಲಿ ಒರಟುತನ ಬಂದರೆ ಗ್ರಾಹಕರು ಬೇರೆ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಡೆವಲಪರ್‌ಗೆ ಹೋಗುವ ಇಂಗ್ಲಿಷ್ ಅರ್ಥವಾದರೆ ಸಾಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿ ಇಲ್ಲಿ ಸೋಲುವುದು ಕನ್ನಡದ ಉತ್ತರದಲ್ಲಿ. ಅಂಗಡಿಯ ಹಿರಿಯರೊಬ್ಬರಿಗೆ ಹೇಗೆ ಬರೆಯಬೇಕೆಂಬುದು ಅವರಿಗೆ ತೋಚುವುದಿಲ್ಲ.

ಬರಹ ಬಂದ ಮರುದಿನ ಅರ್ಧ ಗಂಟೆಯ ಚಾಟ್, ಆಮೇಲೆ ಒಂದು ಕರೆ. ಚಾಟ್‌ನಲ್ಲಿ ಅವರ ಬರಹವನ್ನೇ ಮುಂದಿಟ್ಟುಕೊಂಡು ಕೇಳುತ್ತೇವೆ: "ಅಪ್‌ಡೇಟ್ ಕಾರಣ ಅಲ್ಲ ಅಂದಿರಲ್ಲ, ನಿಮ್ಮ ಊಹೆ ತಪ್ಪು ಅಂತ ತೋರಿಸಲು ಏನು ನೋಡಬೇಕು?" ಬೇರೆಯವರಿಂದ ಬರೆಸಿ ಕಳಿಸಿದವರು ಇಲ್ಲಿ ತಡವರಿಸುತ್ತಾರೆ. ದೂರದ ಹುದ್ದೆಗಳಿಗೆ ಒಬ್ಬರ ಬದಲು ಇನ್ನೊಬ್ಬರು ಸಂದರ್ಶನಕ್ಕೆ ಕೂರುವುದು ಹೊಸದೇನಲ್ಲ. ಅಮೆರಿಕದ ಎಫ್‌ಬಿಐ 2022ರ ಜೂನ್‌ನಲ್ಲಿ, ಕದ್ದ ಗುರುತಿನ ವಿವರಗಳನ್ನೂ ಡೀಪ್‌ಫೇಕ್ ವಿಡಿಯೊಗಳನ್ನೂ ಬಳಸಿ ಇಂಥ ಕೆಲಸಗಳಿಗೆ ಅರ್ಜಿ ಹಾಕುತ್ತಿರುವವರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದಕ್ಕೆಂದೇ ಕೊನೆಗೊಮ್ಮೆ ವಿಡಿಯೊ ಕರೆ ಬೇಕು. ಅದು ಗುರುತು ಖಚಿತ ಮಾಡಿಕೊಳ್ಳಲು, ಸಂಬಳ ಮತ್ತು ಕೆಲಸದ ಹೊತ್ತು ಮಾತಾಡಲು, ಅಭ್ಯರ್ಥಿಯ ಪ್ರಶ್ನೆಗಳಿಗೆ ಉತ್ತರಿಸಲು. ಬರಹದಿಂದ ಬಂದ ಅಭಿಪ್ರಾಯವನ್ನು ಮಾತಿನ ಮೋಡಿಗೆ ಬದಲಿಸಲು ಅಲ್ಲ.

ಕರೆಯಲ್ಲಿ ಹಿಂದಿನ ಅನುಭವ ಕೇಳುವುದಾದರೆ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮದಲ್ಲಿ ಕೇಳಬೇಕು. ಇದು ಬರೀ ಶಿಸ್ತಿನ ಮಾತಲ್ಲ. ನೌಕರಿಗೆ ಆರಿಸುವ ವಿಧಾನಗಳು ಮುಂದಿನ ಕೆಲಸವನ್ನು ಎಷ್ಟರಮಟ್ಟಿಗೆ ಮುನ್ಸೂಚಿಸುತ್ತವೆ ಎಂಬುದರ ಮೇಲೆ ಮನಶ್ಶಾಸ್ತ್ರಜ್ಞರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಕೆಲಸದ ಮಾದರಿಯನ್ನು ಮಾಡಿಸಿ ನೋಡುವ ಪರೀಕ್ಷೆ ಎಲ್ಲಕ್ಕಿಂತ ಮೇಲಿತ್ತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಲೆಕ್ಕಾಚಾರವನ್ನು ತಿದ್ದಿದಾಗ ಬಹುತೇಕ ಅಂಕಿಗಳು ಕೆಳಗಿಳಿದು, ಪ್ರಶ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡ ಸಂದರ್ಶನ 0.42ರೊಂದಿಗೆ ಮೊದಲ ಸ್ಥಾನಕ್ಕೆ ಬಂತು. ಕೆಲಸದ ಮಾದರಿ 0.33ಕ್ಕೆ ಇಳಿಯಿತು. ಮನಸ್ಸಿಗೆ ಬಂದದ್ದನ್ನು ಕೇಳುತ್ತ ಹೋಗುವ ಸಂದರ್ಶನದ ಅಂಕಿ 0.19. ಇಲ್ಲಿ 1 ಎಂದರೆ ಪೂರ್ಣ ನಿಖರ, 0 ಎಂದರೆ ಯಾವ ಸಂಬಂಧವೂ ಇಲ್ಲ. ಅತ್ಯುತ್ತಮ ವಿಧಾನವೂ ಅರ್ಧದಾರಿ ತಲುಪುವುದಿಲ್ಲ ಎಂಬುದನ್ನು ಮಾಲೀಕರು ಗಮನಿಸಬೇಕು. ಅದಕ್ಕೇ ಬರಹದ ಪರೀಕ್ಷೆ, ಗೊತ್ತುಮಾಡಿದ ಪ್ರಶ್ನೆ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ನಾನು ಬಿಡದೆ ಕೇಳುವ ಪ್ರಶ್ನೆ ಇದು: "ಈಚೆಗೆ ಒಂದು ಕೆಲಸ ಹೇಳಿದ ದಿನಕ್ಕೆ ಮುಗಿಯಲ್ಲ ಅಂತ ನಿಮಗೆ ಗೊತ್ತಾದದ್ದು ಯಾವಾಗ? ಅದನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಿದಿರಿ?" ಉತ್ತರದಲ್ಲಿ ನಾನು ಹುಡುಕುವುದು ಗೊತ್ತಾದ ಹೊತ್ತಿಗೂ ತಿಳಿಸಿದ ಹೊತ್ತಿಗೂ ನಡುವಿನ ಅಂತರ. ಮುಗಿಯಬೇಕಾದ ದಿನದ ಸಂಜೆ ತಿಳಿಸಿದವರ ಕಥೆಯಲ್ಲಿ ಎಷ್ಟೇ ಸಾಹಸವಿದ್ದರೂ, ರಾತ್ರಿಯಿಡೀ ಕೂತು ಮುಗಿಸಿದೆ ಎಂದರೂ, ನನಗೆ ಅನುಮಾನ ಹೋಗುವುದಿಲ್ಲ. ಹಿಂದಿನ ಮೇಲಧಿಕಾರಿಗೆ ಫೋನ್ ಮಾಡಿದಾಗಲೂ ಇದೇ ಪ್ರಶ್ನೆಯ ಇನ್ನೊಂದು ರೂಪ ಕೇಳಬೇಕು: "ಕೆಟ್ಟ ಸುದ್ದಿಯನ್ನು ಇವರು ಎಷ್ಟು ಬೇಗ ಹೇಳುತ್ತಿದ್ದರು?" ಹೇಗಿದ್ದರು ಎಂದು ಕೇಳಿದರೆ ಒಳ್ಳೆಯವರು ಎಂಬ ಉತ್ತರ ಸಿಗುತ್ತದೆ. ಇದಕ್ಕೆ ಮಾತ್ರ ಜನ ಒಂದು ಕ್ಷಣ ಯೋಚಿಸಿ, ನಡೆದದ್ದನ್ನೇ ಹೇಳುತ್ತಾರೆ.

ಈ ಪದ್ಧತಿ ಕೆಡುವುದು ಸಾಮಾನ್ಯವಾಗಿ ಮಾಲೀಕರ ಕೈಯಲ್ಲೇ. ಮೂರು ಗಂಟೆಯ ಕೆಲಸ ಎಂದು ಹೇಳಿ ಹನ್ನೆರಡು ಗಂಟೆ ಹಿಡಿಯುವುದನ್ನು ಕೊಡುತ್ತಾರೆ, ಅದೂ ದುಡ್ಡಿಲ್ಲದೆ. ಆಗ ಪರೀಕ್ಷೆ ಮುಗಿಸುವವರು ಕೆಲಸವಿಲ್ಲದೆ ಬಿಡುವಾಗಿರುವವರು ಮಾತ್ರ. ಹಗಲು ಇನ್ನೊಂದು ನೌಕರಿಯಲ್ಲಿರುವವರು, ಮನೆಯಲ್ಲಿ ಪುಟ್ಟ ಮಕ್ಕಳನ್ನೋ ಕಾಯಿಲೆಯ ಹಿರಿಯರನ್ನೋ ನೋಡಿಕೊಳ್ಳುವ ಹೆಂಗಸರು ಅರ್ಧದಲ್ಲೇ ಬಿಡುತ್ತಾರೆ. ಮನೆಯಿಂದ ಮಾಡುವ ಕೆಲಸ ಯಾರಿಗೆ ಅತಿ ಹೆಚ್ಚು ಬೇಕೋ ಅವರೇ ಹೀಗೆ ಜಾರಿಹೋಗುತ್ತಾರೆ. ಇನ್ನು ಕೆಲವರು ಕಂಪನಿಯ ಇವತ್ತಿನ ನಿಜವಾದ ದೂರನ್ನೇ ಕೊಟ್ಟು ಪುಕ್ಕಟೆ ಕೆಲಸ ಮಾಡಿಸಿಕೊಳ್ಳುತ್ತಾರೆ. ಅಭ್ಯರ್ಥಿಗಳಿಗೆ ಅದು ತಕ್ಷಣ ಗೊತ್ತಾಗುತ್ತದೆ, ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕಡತಕ್ಕೆ ಹಳೆಯ, ಬಗೆಹರಿದ ದೂರನ್ನೇ ಹೆಸರು ಬದಲಿಸಿ ಬಳಸಬೇಕು. ಕಂಪನಿಯಲ್ಲಿ ಈಗಾಗಲೇ ಇರುವ ಒಬ್ಬರಿಗೆ ಮೊದಲು ಕೊಟ್ಟು ನೋಡಿದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ತಿಳಿಯುತ್ತದೆ. ಸಂದರ್ಶನದ ಮಧ್ಯೆ ಕರೆಂಟ್ ಹೋಯಿತು, ನೆಟ್‌ವರ್ಕ್ ಕೈಕೊಟ್ಟಿತು ಎಂದು ಅಂಕ ಕಳೆಯುವುದು ಇನ್ನೊಂದು ದೋಷ. ಮಲೆನಾಡಿನ ಮಳೆಗಾಲದಲ್ಲಿ ಅದು ಅಭ್ಯರ್ಥಿಯ ಗುಣವಲ್ಲ. ಕರೆಂಟ್ ಹೋದಾಗ "ಒಂದು ಗಂಟೆ ಸಿಗುವುದಿಲ್ಲ, ಐದಕ್ಕೆ ಮತ್ತೆ ಬರುತ್ತೇನೆ" ಎಂದು ಒಂದು ಸಂದೇಶ ಹಾಕಿದರೋ ಇಲ್ಲವೋ ಎಂಬುದನ್ನು ಬೇಕಾದರೆ ನೋಡಬಹುದು.

ಕಂಪನಿಯೊಳಗೇ ಬರೆಯುವ ರೂಢಿ ಇಲ್ಲದಿದ್ದರೆ ಈ ಪರೀಕ್ಷೆಯಿಂದ ಪ್ರಯೋಜನ ಅಷ್ಟಕ್ಕಷ್ಟೆ. ಗಿಟ್‌ಲ್ಯಾಬ್ ಎಂಬ ಕಂಪನಿ ತನ್ನ ಕೈಪಿಡಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಯಾರಿಗೆ ಯಾವ ತೀರ್ಮಾನದ ಅಧಿಕಾರ, ಯಾವುದನ್ನು ಎಲ್ಲಿ ಬರೆಯಬೇಕು ಎಂಬುದೆಲ್ಲ ಅದರಲ್ಲಿದೆ. ಸಾವಿರಾರು ಪುಟದ ಕೈಪಿಡಿ ಮೈಸೂರಿನ ಪುಟ್ಟ ಕಂಪನಿಗೆ ಬೇಡ. ಗ್ರಾಹಕರ ಸ್ಟಾಕ್ ಯಾರು ತಿದ್ದಬಹುದು, ಎಷ್ಟು ರೂಪಾಯಿವರೆಗೆ ವಾಪಸ್ ಕೊಡಬಹುದು, ರಾತ್ರಿ ಯಾರನ್ನು ಎಬ್ಬಿಸಬಹುದು ಎಂಬಷ್ಟಾದರೂ ಒಂದು ಹಾಳೆಯಲ್ಲಿ ಇರಬೇಕಲ್ಲ. ಅದಿಲ್ಲದೆ ಎಷ್ಟು ಒಳ್ಳೆಯವರನ್ನು ತಂದರೂ ಅವರು ದಿನಕ್ಕೆ ಹತ್ತು ಸಲ ಕೇಳಬೇಕಾಗುತ್ತದೆ. ಆಮೇಲೆ ಇವರಿಗೆ ಸ್ವಂತ ಬುದ್ಧಿ ಇಲ್ಲ ಎಂಬ ದೂರು. ಹುದ್ದೆಯ ಜಾಹೀರಾತಿನಲ್ಲೇ ಕೆಲಸದ ಹೊತ್ತು, ಸಂಬಳ, ಮೊದಲ ಮೂರು ತಿಂಗಳಲ್ಲಿ ಏನು ಮಾಡಬೇಕು ಎಂಬುದನ್ನು ಸ್ಪಷ್ಟವಾಗಿ ಬರೆಯಲಾಗದ ಮಾಲೀಕರು ಅಭ್ಯರ್ಥಿಯಿಂದ ಸ್ಪಷ್ಟತೆ ಕೇಳುವುದು ನ್ಯಾಯವೂ ಅಲ್ಲ.

ಮೂರು ಗಂಟೆಯ ಬರಹಕ್ಕೆ ಅದರದೇ ಮಿತಿಗಳಿವೆ. ಅದು ತೋರಿಸುವುದು ಒಬ್ಬರ ಒಂದು ಒಳ್ಳೆಯ ದಿನವನ್ನು. ತಿಂಗಳುಗಟ್ಟಲೆ ಒಬ್ಬರೇ ಕೂತು ಮಾಡುವ ಕೆಲಸದ ಒಂಟಿತನವನ್ನು ಅವರು ತಾಳಿಕೊಳ್ಳುತ್ತಾರೆಯೇ, ನೂರನೇ ಸಲ ಅದೇ ದೂರು ಬಂದಾಗಲೂ ತಾಳ್ಮೆಯಿಂದ ಬರೆಯುತ್ತಾರೆಯೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕಾಗಿ ಪರೀಕ್ಷಾ ಅವಧಿ ಇದೆ. ಅದನ್ನು ಬಳಸುವ ಕ್ರಮವೂ ಇದೇ ಇರಬೇಕು: ಮೊದಲ ತಿಂಗಳು ಪ್ರತಿ ಶುಕ್ರವಾರ ಹೊಸಬರು ಕಳಿಸಿದ ಸಂದೇಶಗಳಲ್ಲಿ ಕೆಲವನ್ನು ತೆಗೆದು, ಪಕ್ಕದಲ್ಲಿ ಮರುಪ್ರಶ್ನೆಗಳನ್ನು ಗೀಚಿ, ಅದನ್ನು ಅವರಿಗೇ ತೋರಿಸಬೇಕು. ಎಲ್ಲಿ ಕೇಳದೆ ಮುಂದುವರಿಯಬಹುದಿತ್ತು, ಎಲ್ಲಿ ಕೇಳಬೇಕಿತ್ತು ಎಂದು ಕೂತು ಮಾತಾಡಬೇಕು. ಸಂದರ್ಶನದ ಅಂಕದ ಹಾಳೆಯನ್ನು ಎಸೆಯದೆ ಇಟ್ಟುಕೊಂಡು ಆರು ತಿಂಗಳಾದ ಮೇಲೆ ತೆಗೆದು ನೋಡುವ ಕಂಪನಿಗಳು ಕಡಿಮೆ. ನೋಡಿದವರಿಗೆ ತಮ್ಮ ಮೂರು ಅಳತೆಗಳಲ್ಲಿ ಯಾವುದು ನಿಜವಾಯಿತು, ಯಾವುದು ಸುಳ್ಳಾಯಿತು ಎಂಬುದು ಗೊತ್ತಾಗುತ್ತದೆ. ಮುಂದಿನ ಸಲ ಕಡತದಲ್ಲಿ ಏನನ್ನು ಬಿಡಬೇಕು, ಏನನ್ನು ಇಡಬೇಕು ಎಂಬುದನ್ನು ಆ ಹಾಳೆ ನೋಡಿಯೇ ತೀರ್ಮಾನಿಸಬಹುದು.